ಮರವೋ, ಮಠವೋ?

ಹಳೆಯ ಕ್ರಯಪತ್ರವನ್ನು ಓದುವವರ ಕಣ್ಣು ಚಕ್ಕುಬಂದಿಯ ಸಾಲುಗಳಿಗೆ ಬಂದಾಗ ತಾನಾಗಿಯೇ ಕಿರಿದಾಗುತ್ತದೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಎಂಬ ನಾಲ್ಕು ಸಾಲುಗಳ ಮೇಲೆ ಒಂದು ಮನೆತನದ ಹಕ್ಕು ನಿಂತಿರುತ್ತದೆ. ಇಂಥ ಪತ್ರವೊಂದು ಊರಿನ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿತೆಂದೂ, ಅಲ್ಲಿರುವ ಅಣ್ಣ ಅದರ ಫೋಟೊ ತೆಗೆದು ಬೆಂಗಳೂರಿನ ತಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದನೆಂದೂ ಕಲ್ಪಿಸಿಕೊಳ್ಳಬಹುದು. ಮರುಕ್ಷಣ ಬರುವ ಫೋನ್ ಕರೆಯ ಮಾತು ಹೆಚ್ಚು ಕಡಿಮೆ ಹೀಗಿರುತ್ತದೆ:

“ಅಣ್ಣಾ, ಪೂರ್ವಕ್ಕೆ ಅಂತ ಇದೆಯಲ್ಲ, ಅದು ಮರದ ಗದ್ದೆಯೋ, ಮಠದ ಗದ್ದೆಯೋ?”

“ಮಠ ಕಣೋ. ಎಷ್ಟು ಸ್ಪಷ್ಟವಾಗಿ ಕಾಣ್ತಿದೆಯಲ್ಲ!”

“ನನಗೆ ಬರೀ ಒಂದು ಸೊನ್ನೆ ಕಾಣ್ತಿದೆ. ಒಳಗೆ ಚುಕ್ಕಿ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ.”

ಇಬ್ಬರೂ ಹೇಳುತ್ತಿರುವುದು ನಿಜ. ಕನ್ನಡದ ‘ರ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸ ಒಳಗಿನ ಒಂದು ಚುಕ್ಕಿ ಮಾತ್ರ. ‘ದ’ಕ್ಕೂ ‘ಧ’ಕ್ಕೂ ಇರುವುದು ಬುಡದ ಒಂದು ಸೀಳು, ಅದು ಅಳಿಸಿದರೆ ‘ಧನ’ವೆಲ್ಲ ‘ದನ’ವಾಗುತ್ತದೆ. ಅಣ್ಣ ನೋಡುತ್ತಿರುವುದು ತನ್ನ ಫೋನಿನಲ್ಲಿ ಉಳಿದಿರುವ ಮೂಲಚಿತ್ರವನ್ನು. ತಮ್ಮನ ಕೈಗೆ ಬಂದಿರುವುದು ಆ ಚಿತ್ರವಲ್ಲ. ಕಳಿಸುವ ಮೊದಲೇ ಹೊಸದಾಗಿ ತಯಾರಾದ, ಬಹಳಷ್ಟು ಸೊರಗಿದ ಅದರ ನಕಲು. ಚುಕ್ಕಿ ಕಳೆದುಹೋದದ್ದು ಎಲ್ಲಿ, ಹೇಗೆ ಎಂಬುದಕ್ಕೆ ಒಂದು ಚರಿತ್ರೆಯಿದೆ. ಅದರ ಒಂದು ಎಳೆ ಬೆಂಗಳೂರಿನಲ್ಲೇ ಇದೆ.

ಬರಹಕ್ಕೊಂದು ದಾರಿ

ದೂರದ ಊರಿಗೆ ಕಾಗದದ ಪ್ರತಿಯನ್ನು ತಂತಿಯ ಮೂಲಕ ಕಳಿಸುವ ಕೆಲಸ ಮೊಬೈಲಿಗಿಂತ ಬಹಳ ಹಳೆಯದು. 1990ರ ದಶಕದಲ್ಲಿ ನಮ್ಮ ಊರುಗಳ ಎಸ್‌ಟಿಡಿ ಬೂತುಗಳಲ್ಲಿ ‘ಇಲ್ಲಿ ಫ್ಯಾಕ್ಸ್ ಸೌಲಭ್ಯವಿದೆ’ ಎಂಬ ಫಲಕ ತೂಗುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಆ ಯಂತ್ರಗಳಲ್ಲಿ ಹೆಚ್ಚಿನವು ‘ಗ್ರೂಪ್ 3’ ಎಂಬ ಅಂತರರಾಷ್ಟ್ರೀಯ ಮಾನಕಕ್ಕೆ ಒಳಪಟ್ಟಿದ್ದವು. ಆ ಮಾನಕ ಜಾರಿಗೆ ಬಂದದ್ದು 1980ರಲ್ಲಿ.

ಫ್ಯಾಕ್ಸ್ ಯಂತ್ರ ಕಾಗದವನ್ನು ಸಾಲು ಸಾಲಾಗಿ ನೋಡುತ್ತಿತ್ತು. ಅಂದಾಜು 215 ಮಿಲಿಮೀಟರ್ ಅಗಲದ ಒಂದು ಸಾಲಿನಲ್ಲಿ 1728 ಬಿಂದುಗಳು. ಪ್ರತಿಯೊಂದು ಬಿಂದುವೂ ಕಪ್ಪು ಅಥವಾ ಬಿಳಿ, ನಡುವೆ ಬೂದು ಎಂಬುದೇ ಇಲ್ಲ. ಇಷ್ಟು ಬಿಂದುಗಳನ್ನು ಒಂದೊಂದಾಗಿ ಕಳಿಸುತ್ತ ಕುಳಿತರೆ ದೂರವಾಣಿ ಬಿಲ್ಲು ಏರುತ್ತದೆ. ಆದ್ದರಿಂದ ಯಂತ್ರ ಅವನ್ನು ಎಣಿಸಿ ಹೇಳುತ್ತಿತ್ತು: ಬಿಳಿ ನಲವತ್ತು, ಕಪ್ಪು ಮೂರು, ಬಿಳಿ ಹನ್ನೆರಡು, ಕಪ್ಪು ಎರಡು, ಹೀಗೆ. ಖಾಲಿ ಜಾಗವೇ ಹೆಚ್ಚಿರುವ ಪತ್ರದಲ್ಲಿ ಈ ಉಪಾಯದಿಂದ ಬಹಳ ಉಳಿತಾಯವಾಗುತ್ತಿತ್ತು. ಅತ್ತ ಕಡೆಯ ಯಂತ್ರ ಎಣಿಕೆಯನ್ನು ಬಿಡಿಸಿ ಬರೆದಾಗ ಒಂದು ಬಿಂದುವೂ ವ್ಯತ್ಯಾಸವಾಗುತ್ತಿರಲಿಲ್ಲ. ಕಾಗದವನ್ನು ಬಿಂದುಗಳಾಗಿ ಒಡೆಯುವಾಗ ಒರಟುತನ ಬರುತ್ತಿತ್ತು ನಿಜ. ಆದರೆ ಅಡಕಗೊಳಿಸುವ ಹಂತದಲ್ಲಿ ಯಾವುದನ್ನೂ ಬಿಸಾಡುತ್ತಿರಲಿಲ್ಲ. ಅದು ಬರಹಕ್ಕಾಗಿಯೇ ಹುಟ್ಟಿದ ವಿಧಾನ. ಬರಹದಲ್ಲಿ ಇರುವುದು ಶಾಯಿ ಅಥವಾ ಕಾಗದ, ಎರಡೇ ಎಂಬ ತಿಳಿವಳಿಕೆ ಅದರ ತಳಹದಿ.

ಫೋಟೊಗಳಿಗೆ ಇದು ಒಗ್ಗುವುದಿಲ್ಲ. ಮುಖದ ಮೇಲಿನ ನೆರಳು, ಸಂಜೆಯ ಆಕಾಶ, ಮಲ್ಲಿಗೆ ಮಾಲೆ, ಇವುಗಳಲ್ಲಿ ಪಕ್ಕಪಕ್ಕದ ಎರಡು ಬಿಂದುಗಳು ಒಂದೇ ಎನ್ನುವಂತಿಲ್ಲ, ತೀರ ಬೇರೆ ಎನ್ನುವಂತೆಯೂ ಇಲ್ಲ. ಎಣಿಸಿ ಹೇಳಲು ಒಂದೇ ಬಣ್ಣದ ಉದ್ದನೆಯ ಸಾಲುಗಳೇ ಸಿಗುವುದಿಲ್ಲ. ಚಿತ್ರಕ್ಕೆ ಬೇರೆಯೇ ದಾರಿ ಬೇಕಾಗಿತ್ತು.

ಬೆಂಗಳೂರಿನ ಎಂಜಿನಿಯರ್

ಆ ದಾರಿಯನ್ನು ತೋರಿಸಿದವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ನಗರದ ಎಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, ಮುಂದೆ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

1972ರಲ್ಲಿ ಅವರಿಗೊಂದು ಆಲೋಚನೆ ಹೊಳೆಯಿತು. ಚಿತ್ರದ ಒಂದು ತುಣುಕನ್ನು ಬಿಂದುಗಳ ಪಟ್ಟಿಯಾಗಿ ನೋಡುವ ಬದಲು ಅಲೆಗಳ ಮೊತ್ತವಾಗಿ ನೋಡಿದರೆ ಹೇಗೆ? ನಿಧಾನವಾಗಿ ಏರಿ ಇಳಿಯುವ ದೊಡ್ಡ ಅಲೆ ಮೈದಾನದಂಥ ವಿಶಾಲ ನೆರಳು ಬೆಳಕನ್ನು ಹೇಳುತ್ತದೆ. ಬೇಗ ಬೇಗ ಏರಿ ಇಳಿಯುವ ಸಣ್ಣ ಅಲೆಗಳು ಕೂದಲಿನಂಥ ಸೂಕ್ಷ್ಮ ಗೆರೆಗಳನ್ನು ಹೇಳುತ್ತವೆ. ಸಾಧಾರಣ ಚಿತ್ರಗಳಲ್ಲಿ ಸತ್ವವೆಲ್ಲ ಕೆಲವೇ ದೊಡ್ಡ ಅಲೆಗಳಲ್ಲಿ ಬಂದು ಸೇರುವಂತೆ ಮಾಡುವ ಗಣಿತ ಸಿಕ್ಕರೆ ಉಳಿದವನ್ನು ಬಿಟ್ಟುಬಿಡಬಹುದು. ತ್ರಿಕೋನಮಿತಿಯ ಕೊಸೈನ್ ಅಲೆಗಳು ಈ ಕೆಲಸಕ್ಕೆ ಸೂಕ್ತವೆಂದು ಅವರು ಊಹಿಸಿದರು. ಸಂಶೋಧನೆಗೆ ಹಣ ಬೇಡಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಈ ಆಲೋಚನೆ ತೀರ ಸರಳವಾಯಿತೆಂಬ ಅರ್ಥದ ಅಭಿಪ್ರಾಯವೊಂದು ಪರಿಶೀಲಕರಿಂದ ಬಂದಿತ್ತೆಂದು ಅಹ್ಮದ್ ಮುಂದೆ 1991ರಲ್ಲಿ ನೆನೆಸಿಕೊಂಡಿದ್ದಾರೆ. 1973ರ ಬೇಸಿಗೆಯ ತಿಂಗಳುಗಳಿಗೆ ಸಂಬಳದ ವ್ಯವಸ್ಥೆ ಇಲ್ಲದಿದ್ದರೂ ಅವರು ಕೆಲಸ ಮುಂದುವರಿಸಿದರು. ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸಿನಲ್ಲಿದ್ದ ಮಿತ್ರ ಕೆ. ಆರ್. ರಾವ್ ಅವರೊಡನೆ ಸೇರಿ ಬರೆದ ಚಿಕ್ಕ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬುದು ಅದರ ಹೆಸರು.

ಹನ್ನೆರಡು ವರ್ಷಗಳ ನಂತರ, 1986ರಲ್ಲಿ, ಫೋಟೊಗಳನ್ನು ಅಡಕಗೊಳಿಸುವ ಸಾರ್ವತ್ರಿಕ ಮಾನಕವೊಂದನ್ನು ರೂಪಿಸಲು ತಜ್ಞರ ಸಮಿತಿಯೊಂದು ರಚನೆಯಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ‘ಜೆಪೆಗ್’. ಸಮಿತಿಯ ಮುಂದೆ ಹನ್ನೆರಡು ವಿಧಾನಗಳು ಬಂದವು. 1987ರಲ್ಲಿ ಅವು ಮೂರಕ್ಕಿಳಿದವು. 1988ರ ಜನವರಿಯಲ್ಲಿ ಅಹ್ಮದರ ಗಣಿತವನ್ನು ಆಧರಿಸಿದ ವಿಧಾನ ಗೆದ್ದಿತು. 1992ರಲ್ಲಿ ಮಾನಕ ಹೊರಬಂದಿತು.

ಈ ಆಯ್ಕೆ ನಡೆದ ರೀತಿ ಗಮನಿಸತಕ್ಕದ್ದು. ಯಾವ ಚಿತ್ರ ಯಾವ ವಿಧಾನದ್ದೆಂದು ತಿಳಿಸದೆ, ಅಡಕಗೊಳಿಸಿ ಬಿಡಿಸಿದ ಚಿತ್ರಗಳನ್ನು ನೋಡುಗರ ಮುಂದಿಟ್ಟು, ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಕೇಳಲಾಗಿತ್ತು. ಕಣ್ಣಿಗೆ ಚೆನ್ನಾಗಿ ಕಾಣುವುದೇ ಒರೆಗಲ್ಲು. ಒಳಗೆ ಬರೆದಿರುವುದನ್ನು ಓದಲು ಬರುತ್ತದೆಯೇ ಎಂಬುದು ಆ ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಬರಿಯ ಕಪ್ಪು ಬಿಳುಪಿನ ಬರಹಗಳಿಗಾಗಿ ‘ಜೆಬಿಗ್’ ಎಂಬ ಸೋದರ ಸಮಿತಿಯೇ 1988ರಲ್ಲಿ ಹುಟ್ಟಿಕೊಂಡಿತ್ತು. ಬರಹ ಬೇರೆ, ಚಿತ್ರ ಬೇರೆ ಎಂಬ ವಿವೇಕ ಆ ತಜ್ಞರಿಗೆ ಚೆನ್ನಾಗಿಯೇ ಇತ್ತು. ಅದು ಮರೆತುಹೋದದ್ದು ಕ್ಯಾಮರಾ ಫೋನಿನೊಳಗೆ ಬಂದ ಮೇಲೆ. ಮದುವೆಯ ಗುಂಪುಚಿತ್ರವೂ ಫೋಟೊ, ಕ್ರಯಪತ್ರವೂ ಫೋಟೊ ಎಂದಾದ ಮೇಲೆ ಎರಡಕ್ಕೂ ಒಂದೇ ಕತ್ತರಿ ಬಿತ್ತು.

ಬಿಸಾಡುವ ಲೆಕ್ಕ

ಆ ಕತ್ತರಿ ಕೆಲಸ ಮಾಡುವ ಬಗೆ ಹೀಗೆ. ಜೆಪೆಗ್ ಮೊದಲು ಚಿತ್ರದ ಬೆಳಕಿನ ಅಂಶವನ್ನೂ ಬಣ್ಣದ ಅಂಶವನ್ನೂ ಬೇರ್ಪಡಿಸುತ್ತದೆ. ಮನುಷ್ಯನ ಕಣ್ಣು ಬಣ್ಣದ ಸೂಕ್ಷ್ಮಗಳನ್ನು ಅಷ್ಟಾಗಿ ಗುರುತಿಸುವುದಿಲ್ಲವಾದ್ದರಿಂದ, ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣವನ್ನು ಉಳಿಸಿಕೊಳ್ಳುತ್ತದೆ. ಛಾಪಾ ಕಾಗದದ ಮೇಲಿನ ಕೆಂಪು ಅಥವಾ ನೇರಳೆ ಮೊಹರಿನ ಅಕ್ಷರಗಳು ಕಪ್ಪು ಶಾಯಿಯ ಅಕ್ಷರಗಳಿಗಿಂತ ಬೇಗ ಕದಡಿಹೋಗಲು ಇದೂ ಒಂದು ಕಾರಣ.

ನಂತರ ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ 64 ಪಿಕ್ಸೆಲ್‌ಗಳ ಬದಲಿಗೆ ಅಹ್ಮದರ ಗಣಿತ 64 ಅಲೆಗಳ ಪ್ರಮಾಣವನ್ನು ಕೊಡುತ್ತದೆ. ಮೊದಲನೆಯ ಸಂಖ್ಯೆ ಇಡೀ ಚೌಕದ ಸರಾಸರಿ ಬೆಳಕು. ಕೊನೆಯದು ಅತಿ ಸೂಕ್ಷ್ಮವಾದ ಅಲೆ. ಇಲ್ಲಿಯವರೆಗೆ ಏನೂ ನಷ್ಟವಾಗಿಲ್ಲವೆಂದೇ ಹೇಳಬಹುದು. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ. ಪ್ರತಿ ಸಂಖ್ಯೆಯನ್ನೂ ಒಂದು ಕೋಷ್ಟಕದಲ್ಲಿರುವ ಭಾಜಕದಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತಿರುಗಿಸಲಾಗುತ್ತದೆ. ಮಾನಕದಲ್ಲಿ ಉದಾಹರಣೆಯಾಗಿ ಕೊಟ್ಟಿರುವ ಕೋಷ್ಟಕದಲ್ಲಿ ಸರಾಸರಿ ಬೆಳಕಿನ ಭಾಜಕ 16, ಅತಿ ಸೂಕ್ಷ್ಮ ಅಲೆಯದು 99. ಸರಾಸರಿಯ ಸಂಖ್ಯೆ 160 ಇದ್ದರೆ ಅದು 10 ಆಗಿ ಉಳಿಯುತ್ತದೆ. ಬಿಡಿಸುವಾಗ 16ರಿಂದ ಗುಣಿಸಿದರೆ ಮತ್ತೆ 160. ಆದರೆ ಸೂಕ್ಷ್ಮ ಅಲೆಯ ಸಂಖ್ಯೆ 45 ಇದ್ದರೆ, 99ರಿಂದ ಭಾಗಿಸಿದಾಗ ಅರ್ಧಕ್ಕಿಂತ ಕಡಿಮೆಯಾಗಿ ಸೊನ್ನೆಯಾಗುತ್ತದೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ 45 ಮರಳಿ ಬರುವುದಿಲ್ಲ. ಕಡತವನ್ನು ಇನ್ನೂ ಚಿಕ್ಕದಾಗಿಸಬೇಕೆಂದರೆ ಭಾಜಕಗಳನ್ನು ಹೆಚ್ಚಿಸಿದರೆ ಸಾಕು. ಸೊನ್ನೆಗಳ ಸಾಲು ಬೆಳೆಯುತ್ತದೆ.

ಮುಖದ ಚಿತ್ರದಲ್ಲಿ ಈ ಸೊನ್ನೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆನ್ನೆಯ ಮೇಲೆ ಸೂಕ್ಷ್ಮ ಅಲೆಗಳೇ ಕಡಿಮೆ. ಅಕ್ಷರದ ವಿಷಯ ಹಾಗಲ್ಲ. ಬಿಳಿಯ ಕಾಗದದಿಂದ ಕಪ್ಪು ಶಾಯಿಗೆ ಒಮ್ಮೆಗೇ ಜಿಗಿಯುವ ಅಂಚೇ ಅಕ್ಷರ. ಅಂಥ ಜಿಗಿತವನ್ನು ಕಟ್ಟಲು ದೊಡ್ಡ ಅಲೆ, ಸಣ್ಣ ಅಲೆ ಎಲ್ಲವೂ ಒಟ್ಟಿಗೆ ಬೇಕು. ಸಣ್ಣವನ್ನು ತೆಗೆದುಬಿಟ್ಟರೆ ಅಂಚು ಮೊಂಡಾಗುತ್ತದೆ; ಅಷ್ಟೇ ಅಲ್ಲ, ಉಳಿದ ಅಲೆಗಳು ಅಕ್ಷರದ ಅಕ್ಕಪಕ್ಕದ ಬಿಳಿಯ ಮೇಲೆ ಬೂದು ಬಣ್ಣದ ತುಂತುರುಗಳಾಗಿ ಚೆಲ್ಲುತ್ತವೆ. ಚಿತ್ರಕ್ಕೆ ಅನವಶ್ಯಕವೆಂದು ಬಿಸಾಡುವ ಭಾಗವೇ ಬರಹದ ಜೀವಾಳ. ಇಡೀ ಸಮಸ್ಯೆಯ ಗಂಟು ಇಲ್ಲಿದೆ.

ಚುಕ್ಕಿ ಕಳೆದ ಬಗೆ

ಇನ್ನು ಅಣ್ಣ ಕಳಿಸಿದ ಪತ್ರಕ್ಕೆ ಬರಬಹುದು. ಫೋನಿನ ಕ್ಯಾಮರಾ 12 ಮೆಗಾಪಿಕ್ಸೆಲ್‌ನದು, ಅಂದರೆ ಚಿತ್ರದ ಉದ್ದ 4000, ಅಗಲ 3000 ಪಿಕ್ಸೆಲ್. ಕಾಗದ ಫೂಲ್‌ಸ್ಕೇಪ್ ಅಳತೆಯದು, ಸುಮಾರು 330 ಮಿಲಿಮೀಟರ್ ಉದ್ದ. ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆದದ್ದರಿಂದ ಕಾಗದದ ಉದ್ದಕ್ಕೆ ಸಿಕ್ಕಿದ್ದು 3600 ಪಿಕ್ಸೆಲ್ ಎಂದಿಟ್ಟುಕೊಂಡರೆ, ಒಂದು ಮಿಲಿಮೀಟರಿಗೆ ಹತ್ತಿರ ಹತ್ತಿರ 11 ಪಿಕ್ಸೆಲ್. ಗುಮಾಸ್ತರ ಕೈಬರಹದ ಅಕ್ಷರ 3 ಮಿಲಿಮೀಟರ್ ಎತ್ತರವಿದ್ದರೆ ಅದಕ್ಕೆ 33 ಪಿಕ್ಸೆಲ್ ಸಿಗುತ್ತವೆ. ‘ಠ’ದ ಒಳಗಿನ ಅರ್ಧ ಮಿಲಿಮೀಟರಿನ ಚುಕ್ಕಿಗೆ ಐದಾರು. ಓದಲು ಇದು ಧಾರಾಳ ಸಾಕು. ಕ್ಯಾಮರಾ ಕೂಡ ಬಹುಮಟ್ಟಿಗೆ ಜೆಪೆಗ್ ರೂಪದಲ್ಲೇ ಚಿತ್ರವನ್ನು ಉಳಿಸುತ್ತದೆಯಾದರೂ, ಅದರ ಭಾಜಕಗಳು ಚಿಕ್ಕವು. ಕಡತದ ಗಾತ್ರ ಮೂರು ನಾಲ್ಕು ಎಂಬಿ ಇರುತ್ತದೆ.

ಫೋಟೊ ಎಂದು ಕಳಿಸಿದ ಕೂಡಲೇ ವಾಟ್ಸ್‌ಆ್ಯಪ್ ಎರಡು ಕೆಲಸಗಳನ್ನು ಒಂದರ ಹಿಂದೊಂದು ಮಾಡುತ್ತದೆ. ಮೊದಲನೆಯದು ಕುಗ್ಗಿಸುವುದು. ಅನೇಕ ವರ್ಷಗಳ ಕಾಲ ಅದರ ಸಾಮಾನ್ಯ ಗುಣಮಟ್ಟದ ಚಿತ್ರದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಸೀಮಿತವಾಗಿತ್ತು. ಆ ಲೆಕ್ಕದಲ್ಲಿ 4000 ಎಂಬುದು 1600 ಆಗುತ್ತದೆ, 3000 ಎಂಬುದು 1200. ಒಂದು ಕೋಟಿ 20 ಲಕ್ಷ ಪಿಕ್ಸೆಲ್‌ಗಳಲ್ಲಿ ಉಳಿಯುವುದು 19 ಲಕ್ಷದಷ್ಟು. ನೂರರಲ್ಲಿ 84 ಹೋದಂತೆ. ಕಾಗದದ ಒಂದು ಮಿಲಿಮೀಟರಿಗೆ ಈಗ ನಾಲ್ಕು ಚಿಲ್ಲರೆ ಪಿಕ್ಸೆಲ್ ಮಾತ್ರ. ಅಕ್ಷರ 33ರಿಂದ 13ಕ್ಕೆ ಇಳಿಯಿತು, ಚುಕ್ಕಿ ಎರಡಕ್ಕೆ ಇಳಿಯಿತು. ಇದಕ್ಕೆ ಹೋಲಿಸಿದರೆ 1980ರ ಮಾನಕದ ಫ್ಯಾಕ್ಸ್ ಯಂತ್ರ ಅಡ್ಡಸಾಲಿನಲ್ಲಿ ಮಿಲಿಮೀಟರಿಗೆ 8 ಬಿಂದುಗಳನ್ನು ಕಳಿಸುತ್ತಿತ್ತು. ಬೂದು ಛಾಯೆ, ಬಣ್ಣ ಅದಕ್ಕೆ ಗೊತ್ತಿರಲಿಲ್ಲ ನಿಜ. ಆದರೆ ಬಿಂದುಗಳ ಲೆಕ್ಕದಲ್ಲಿ ಎಸ್‌ಟಿಡಿ ಬೂತಿನ ಯಂತ್ರವೇ ಈ ಪತ್ರಕ್ಕೆ ಹೆಚ್ಚು ಉದಾರವಾಗಿತ್ತು.

ಎರಡನೆಯ ಕೆಲಸ, ಕುಗ್ಗಿದ ಚಿತ್ರಕ್ಕೆ ಹೊಸದಾಗಿ ಜೆಪೆಗ್ ಕತ್ತರಿ ಹಾಕುವುದು, ಅದೂ ದೊಡ್ಡ ಭಾಜಕಗಳೊಂದಿಗೆ. ಮೂಲಚಿತ್ರದಲ್ಲಿ ಎಂಟು ಪಿಕ್ಸೆಲಿನ ಒಂದು ಚೌಕ ಕಾಗದದ ಮುಕ್ಕಾಲು ಮಿಲಿಮೀಟರಿಗಿಂತ ಕಡಿಮೆ ಜಾಗವನ್ನು ಆವರಿಸುತ್ತಿತ್ತು. ಒಂದು ಅಕ್ಷರ ಹದಿನಾರಿಪ್ಪತ್ತು ಚೌಕಗಳ ಮೇಲೆ ಹರಡಿಕೊಂಡಿತ್ತು. ಕುಗ್ಗಿದ ಚಿತ್ರದಲ್ಲಿ ಅದೇ ಚೌಕ ಎರಡು ಮಿಲಿಮೀಟರಿನ ಸಮೀಪಕ್ಕೆ ಬರುತ್ತದೆ. ‘ಠ’ದ ಉಂಗುರ, ಒಳಗಿನ ಬಿಳಿ, ಅದರ ನಡುವಿನ ಚುಕ್ಕಿ ಎಲ್ಲವೂ ಒಂದೆರಡು ಚೌಕಗಳಲ್ಲಿ ಇಕ್ಕಟ್ಟಾಗಿ ಕೂರಬೇಕು. ಎರಡು ಪಿಕ್ಸೆಲಿನ ಚುಕ್ಕಿಯನ್ನು ಹೇಳುವುದು ಅತಿ ಸೂಕ್ಷ್ಮ ಅಲೆಗಳೇ. ಸೊನ್ನೆಯಾಗುವ ಸರದಿಯಲ್ಲಿ ಮೊದಲು ನಿಂತವುಗಳೂ ಅವೇ. ಶಾಯಿ ಮಾಸಿದ್ದರಂತೂ ಹೇಳುವುದೇ ಬೇಡ, ಅಲೆಯ ಸಂಖ್ಯೆಯೇ ಚಿಕ್ಕದಾಗಿ ಬೇಗ ಸೊನ್ನೆಗೆ ಬೀಳುತ್ತದೆ. ತಮ್ಮನಿಗೆ ಉಂಗುರ ಕಾಣುತ್ತದೆ, ಒಳಗೆ ಬೂದು ಮಬ್ಬು ಕಾಣುತ್ತದೆ. ಆ ಮಬ್ಬು ಚುಕ್ಕಿಯ ಉಳಿಕೆಯೂ ಆಗಿರಬಹುದು, ಉಂಗುರದ ಅಂಚಿನಿಂದ ಚೆಲ್ಲಿದ ತುಂತುರೂ ಆಗಿರಬಹುದು. ದಿಟ್ಟಿಸಿ ನೋಡಿ ಇದನ್ನು ತೀರ್ಮಾನಿಸುವಂತಿಲ್ಲ. ಕನ್ನಡದ ಒತ್ತಕ್ಷರಗಳ ಪಾಡೂ ಇದೇ: ಮುಖ್ಯ ಅಕ್ಷರದ ಅರ್ಧ ಎತ್ತರದ ಒತ್ತಿಗೆ ಸಿಗುವುದು ಆರೇಳು ಪಿಕ್ಸೆಲ್.

ಕಳಿಸುವ ಮುನ್ನವೇ ಏಕೆ?

ಹೀಗೆ ಮಾಡಿದ್ದು ದಡ್ಡತನದಿಂದಲ್ಲ. ವಾಟ್ಸ್‌ಆ್ಯಪ್ ಆರಂಭವಾದದ್ದು 2009ರಲ್ಲಿ. ಆಗ ಜಗತ್ತಿನ ಬಹುಪಾಲು ಫೋನುಗಳು 2ಜಿ ಜಾಲದಲ್ಲಿದ್ದವು. ಸೆಕೆಂಡಿಗೆ 80 ಕಿಲೊಬಿಟ್ ವೇಗ ಸಿಕ್ಕಿತೆಂದು ಹಿಡಿದರೂ 4 ಎಂಬಿಯ ಒಂದು ಚಿತ್ರ ಹೊರಹೋಗಲು ಆರೂವರೆ ನಿಮಿಷಕ್ಕೂ ಹೆಚ್ಚು ಬೇಕು. 200 ಕೆಬಿಗೆ ಇಳಿಸಿದರೆ 20 ಸೆಕೆಂಡು ಸಾಕು. ಡೇಟಾಕ್ಕೆ ತೆರುವ ಹಣವೂ ಆ ಪ್ರಮಾಣದಲ್ಲೇ ಇಳಿಯುತ್ತದೆ. ಈ ಉಳಿತಾಯ ಕಳಿಸುವವರಿಗೆ ದಕ್ಕಬೇಕಾದರೆ ಕತ್ತರಿ ಬೀಳಬೇಕಾದದ್ದು ಅವರ ಫೋನಿನೊಳಗೇ, ಚಿತ್ರ ಹೊರಡುವ ಮುನ್ನ. ದೂರದ ಸರ್ವರಿನಲ್ಲಿ ಕುಗ್ಗಿಸಿದರೆ ಆ ವೇಳೆಗೆ ಡೇಟಾ ಖರ್ಚಾಗಿಹೋಗಿರುತ್ತದೆ.

2016ರ ಏಪ್ರಿಲಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿತು. ಕಳಿಸುವವರ ಫೋನಿನಲ್ಲಿ ಬೀಗ ಹಾಕಿ ಪಡೆಯುವವರ ಫೋನಿನಲ್ಲಷ್ಟೇ ತೆರೆಯುವಂಥ ಗೂಢಲಿಪಿಯನ್ನು ವಾಟ್ಸ್‌ಆ್ಯಪ್ ಎಲ್ಲ ಸಂದೇಶಗಳಿಗೂ ಅನ್ವಯಿಸಿತು. ಸರ್ವರಿಗೆ ಚಿತ್ರ ಕಾಣುವುದೇ ಇಲ್ಲವೆಂದ ಮೇಲೆ ಅಲ್ಲಿ ಅದನ್ನು ಕುಗ್ಗಿಸುವ ಪ್ರಶ್ನೆಯೂ ಇಲ್ಲ. ಬೀಗ ಹಾಕುವ ಮುನ್ನ ಏನು ಮಾಡಬೇಕೋ ಅದನ್ನು ಫೋನೇ ಮಾಡಬೇಕು. ಇದರ ಪರಿಣಾಮ ಸ್ಪಷ್ಟ: ಮೂಲಚಿತ್ರ ಕಂಪನಿಯ ಬಳಿಯೂ ಇಲ್ಲ, ಪಡೆದವರ ಬಳಿಯೂ ಇಲ್ಲ. ಅದು ಇರುವುದು ತೆಗೆದವರ ಫೋನಿನಲ್ಲಿ ಮಾತ್ರ. ಜಾಗ ಸಾಲದೆಂದು ಅವರು ಅದನ್ನು ಅಳಿಸಿ, ಬೇರೆ ಪ್ರತಿಯೂ ಇಲ್ಲದಿದ್ದರೆ, ಜಗತ್ತಿನಲ್ಲಿ ಉಳಿಯುವುದು ಸೊರಗಿದ ನಕಲುಗಳು ಅಷ್ಟೇ.

ಲಕೋಟೆಯ ದಾರಿ

ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ವಾಟ್ಸ್‌ಆ್ಯಪ್‌ಗೆ ‘ಡಾಕ್ಯುಮೆಂಟ್’ ಕಳಿಸುವ ಸೌಲಭ್ಯ ಬಂದಿತ್ತು. ಮೊದಲಿಗೆ ಅದು ಪಿಡಿಎಫ್ ಕಡತಗಳಿಗೆ ಮೀಸಲಾಗಿತ್ತು. 2017ರಲ್ಲಿ ಎಲ್ಲ ಬಗೆಯ ಕಡತಗಳಿಗೂ ಬಾಗಿಲು ತೆರೆಯಿತು. ಚಿತ್ರವೂ ಒಂದು ಕಡತವೇ ಆದ್ದರಿಂದ, ಅದನ್ನು ಫೋಟೊ ಎಂದು ಆರಿಸದೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸುವ ಉಪಾಯ ಬಳಕೆದಾರರಲ್ಲಿ ಹರಡಿತು. ಟೆಲಿಗ್ರಾಂನಲ್ಲಿ ‘ಫೈಲ್’ ಎಂದು ಕಳಿಸುವುದೂ ಇದೇ ಕ್ರಮ.

ವ್ಯತ್ಯಾಸ ಇಷ್ಟೇ. ಫೋಟೊ ಎಂದರೆ ಆ್ಯಪ್ ಅದನ್ನು ಬಿಚ್ಚಿ ನೋಡಿ, ಕುಗ್ಗಿಸಿ, ಹೊಸದಾಗಿ ಬರೆದು ಕಳಿಸುತ್ತದೆ. ಡಾಕ್ಯುಮೆಂಟ್ ಎಂದರೆ ಮುಚ್ಚಿದ ಲಕೋಟೆಯಂತೆ ಎತ್ತಿ ಕಳಿಸುತ್ತದೆ. ಒಳಗಿರುವುದು ಚಿತ್ರವೋ ಲೆಕ್ಕಪತ್ರವೋ ಎಂಬ ಗೊಡವೆಗೆ ಹೋಗುವುದಿಲ್ಲ. 4 ಎಂಬಿಯ ಕಡತ 4 ಎಂಬಿಯಾಗಿಯೇ, ಒಂದು ಬಿಟ್ ಕೂಡ ಬದಲಾಗದೆ ತಲುಪುತ್ತದೆ. ಮಾಡುವ ಕ್ರಮ ಸುಲಭ: ಪತ್ರವನ್ನು ಫೋನಿನ ಸ್ವಂತ ಕ್ಯಾಮರಾದಿಂದ ತೆಗೆಯಬೇಕು, ಆ್ಯಪ್‌ನೊಳಗಿನ ಕ್ಯಾಮರಾದಿಂದಲ್ಲ. ನಂತರ ಸಂದೇಶ ಬರೆಯುವ ಸಾಲಿನಲ್ಲಿರುವ ಪೇಪರ್ ಕ್ಲಿಪ್ ಅಥವಾ ಕೂಡಿಸು ಗುರುತನ್ನು ಒತ್ತಿ, ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಚಿತ್ರದ ಕಡತವನ್ನು ಹುಡುಕಿ ಕಳಿಸಬೇಕು.

2023ರ ಆಗಸ್ಟಿನಲ್ಲಿ ‘ಎಚ್‌ಡಿ’ ಎಂಬ ಇನ್ನೊಂದು ಆಯ್ಕೆಯೂ ಬಂದಿತು. ಅದರಲ್ಲಿ ಪಿಕ್ಸೆಲ್‌ಗಳು ಹೆಚ್ಚು ಉಳಿಯುತ್ತವೆ, ಆದರೆ ಚಿತ್ರವನ್ನು ಹೊಸದಾಗಿ ಬರೆಯುವುದು ತಪ್ಪುವುದಿಲ್ಲ. ದೊಡ್ಡಕ್ಷರದ ಜಾಹೀರಾತಿಗೋ ಆಮಂತ್ರಣಕ್ಕೋ ಅದು ಸಾಕಾದೀತು. ಮಾಸಿದ ಕೈಬರಹಕ್ಕೆ ಲಕೋಟೆಯೇ ಲೇಸು.

ಲಕೋಟೆಗೂ ಮಿತಿಗಳಿವೆ. ಕೈ ನಡುಗಿ ಮಸುಕಾದ ಚಿತ್ರವನ್ನು ಅದು ಮಸುಕಾಗಿಯೇ ತಲುಪಿಸುತ್ತದೆ. ಒಮ್ಮೆ ಫೋಟೊ ಆಗಿ ಬಂದದ್ದನ್ನು ಮತ್ತೊಬ್ಬರಿಗೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಹೋಗುವುದು ಸೊರಗಿದ ನಕಲಿನ ನಿಷ್ಠಾವಂತ ಪ್ರತಿ. ಸೊನ್ನೆಯಾದ ಅಲೆಗಳು ಅದರಿಂದ ಮರಳುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ಕ್ಯಾಮರಾ ಚಿತ್ರದ ಕಡತದೊಳಗೆ ತೆಗೆದ ಸಮಯವನ್ನೂ, ಅನುಮತಿ ಕೊಟ್ಟಿದ್ದರೆ ತೆಗೆದ ಸ್ಥಳವನ್ನೂ ಬರೆದಿಡುತ್ತದೆ. ಫೋಟೊ ಎಂದು ಕಳಿಸಿದಾಗ ಚಿತ್ರವನ್ನು ಹೊಸದಾಗಿ ಬರೆಯುವುದರಿಂದ ಈ ಟಿಪ್ಪಣಿ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಎಂದಾಗ ಅದೂ ಜೊತೆಗೇ ಹೋಗುತ್ತದೆ. ಮನೆಯವರಿಗೆ ಕಳಿಸುವಾಗ ಇದರಿಂದ ತೊಂದರೆಯಿಲ್ಲ. ಅಪರಿಚಿತರಿಗೆ ಕಳಿಸುವಾಗ ಯೋಚಿಸಬೇಕು.

ಬಂದದ್ದು ಯಾವುದು?

ಕೈಗೆ ಬಂದ ಚಿತ್ರ ಮೂಲವೋ ನಕಲೋ ಎಂದು ತಿಳಿಯುವುದು ಕಷ್ಟವಲ್ಲ. ಗಾತ್ರ ನೋಡಿದರೆ ಅರ್ಧ ಉತ್ತರ ಸಿಗುತ್ತದೆ: ಪೂರ್ಣಪುಟದ ಚಿತ್ರ ಕೇವಲ ನೂರಿನ್ನೂರು ಕೆಬಿ ಇದ್ದರೆ ಅದಕ್ಕೆ ಕತ್ತರಿ ಬಿದ್ದಿರುವುದು ಬಹುತೇಕ ಖಚಿತ. ಆಂಡ್ರಾಯ್ಡ್ ಫೋನುಗಳಲ್ಲಿ ವಾಟ್ಸ್‌ಆ್ಯಪ್ ಮೂಲಕ ಬಂದ ಫೋಟೊದ ಹೆಸರು IMG-20240512-WA0007.jpg ಎಂಬ ಮಾದರಿಯಲ್ಲಿರುತ್ತದೆ. ನಡುವಿನ WA ಎಂಬುದೇ ಗುರುತು.

ಕಣ್ಣಿನಿಂದಲೂ ಗುರುತಿಸಬಹುದು. ಚಿತ್ರವನ್ನು ಹಿಗ್ಗಿಸಿದಾಗ ಅಕ್ಷರದ ಸುತ್ತ ಬೂದು ತುಂತುರು, ನಡುನಡುವೆ ಚಿಕ್ಕ ಚೌಕಗಳ ಅಂಚು ಕಂಡರೆ ಅದು ಜೆಪೆಗ್ ಮಾಡಿದ ಗಾಯ. ಡಾಕ್ಯುಮೆಂಟ್ ಆಗಿ ಮತ್ತೊಮ್ಮೆ ಕಳಿಸಿರೆಂದು ಕೇಳಿದರೆ ಗುಣವಾದೀತು. ಚೌಕಗಳಿಲ್ಲದೆ ಎಲ್ಲವೂ ನೀರಿನಲ್ಲಿ ನೆನೆದಂತೆ ನಯವಾಗಿ ಹರಡಿದ್ದರೆ ಅದು ಕ್ಯಾಮರಾ ಅಲುಗಿದ ದೋಷ. ಚಿತ್ರವನ್ನೇ ಹೊಸದಾಗಿ ತೆಗೆಯಬೇಕು.

ಡಾಕ್ಯುಮೆಂಟ್ ಕಳಿಸುವುದು ಗೊತ್ತಾಗದ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಒಂದು ದಾರಿಯಿದೆ. ಪೂರ್ತಿ ಪುಟದ ಬದಲು ಕಾಗದವನ್ನು ನಾಲ್ಕು ಭಾಗವಾಗಿ, ಹತ್ತಿರದಿಂದ ನಾಲ್ಕು ಫೋಟೊ ತೆಗೆದು ಕಳಿಸಿದರೆ ಸಾಕು. 1600 ಪಿಕ್ಸೆಲಿನ ಮಿತಿ ಪ್ರತಿ ಚಿತ್ರಕ್ಕೂ ಪ್ರತ್ಯೇಕವಾದ್ದರಿಂದ, ಮಿಲಿಮೀಟರಿಗೆ ನಾಲ್ಕರ ಬದಲು ಎಂಟಕ್ಕಿಂತ ಹೆಚ್ಚು ಪಿಕ್ಸೆಲ್ ಸಿಗುತ್ತವೆ. ಅಲ್ಲಿಗೆ ಫ್ಯಾಕ್ಸ್ ಯಂತ್ರದ ಮಟ್ಟ ಮುಟ್ಟಿದಂತಾಯಿತು.

ಅಣ್ಣ ಮರಳಿ ಡಾಕ್ಯುಮೆಂಟ್ ಆಗಿ ಕಳಿಸಿದ ಕಡತ ತಮ್ಮನ ಫೋನಿಗೆ ಬರುತ್ತದೆ. ಹೆಸರು, ಜೊತೆಗೆ ನಾಲ್ಕು ಎಂಬಿ ಎಂಬ ಗಾತ್ರ ಕಾಣುತ್ತದೆ. ತೆರೆದು ಚಕ್ಕುಬಂದಿಯ ಸಾಲನ್ನು ಹಿಗ್ಗಿಸಿದರೆ ಉಂಗುರದೊಳಗೆ ಐದು ಪಿಕ್ಸೆಲಿನ ಒಂದು ಕಪ್ಪು ಚುಕ್ಕಿ ಇದೆ, ಸುತ್ತ ಬಿಳಿಯ ಕಾಗದವಿದೆ. ಪೂರ್ವಕ್ಕೆ ಇರುವುದು ಮಠದ ಗದ್ದೆ.